ನೂರು ರೂಪಾಯಿ ಬಿಸಿಲು, ಆರು ರೂಪಾಯಿ ರಾಗಿ

ಹತ್ತನೇ ಕ್ಲಾಸಿನವರೆಗೂ ನನಗೆ ಇದು ಬರೀ 'ಫೋಟೋಸಿಂಥೆಸಿಸ್'. ದ್ಯುತಿಸಂಶ್ಲೇಷಣೆ ಅನ್ನೋ ಪದವನ್ನ ಮೊದಲ ಸಲ ನೋಡಿದ್ದು ಕನ್ನಡ ಮೀಡಿಯಂನಲ್ಲಿ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗಳ ಪುಸ್ತಕದಲ್ಲಿ. ದ್ಯುತಿ ಅಂದ್ರೆ ಬೆಳಕು, ಸಂಶ್ಲೇಷಣೆ ಅಂದ್ರೆ ಒಟ್ಟು ಕೂಡಿಸಿ ಕಟ್ಟೋದು. ಪದ ಉದ್ದ, ಆದ್ರೆ ವಿಷಯ ಪೂರ್ತಿ ಅದರೊಳಗೇ ಇದೆ. ಬೆಳಕು, ನೀರು, ಕಾರ್ಬನ್ ಡೈಆಕ್ಸೈಡ್ ಸೇರಿದ್ರೆ ಸಕ್ಕರೆ ಮತ್ತು ಆಮ್ಲಜನಕ. ಈ ಒಂದು ಸಾಲನ್ನ ನಾವೆಲ್ಲ ಪರೀಕ್ಷೆಗೆ ಬರೆದಿದ್ದೀವಿ, ಬಾಣದ ಗುರುತು ಹಾಕಿ ಮಾರ್ಕ್ಸ್ ತಗೊಂಡಿದ್ದೀವಿ. ಆ ಬಾಣದೊಳಗೆ ಏನಾಗುತ್ತೆ ಅಂತ ನಾನು ಸರಿಯಾಗಿ ಓದಿದ್ದು ಮಾತ್ರ ಇತ್ತೀಚೆಗೆ. ಅದಕ್ಕೆ ಕಾರಣ ಸೋಲಾರ್ ಪ್ಯಾನೆಲ್.

ನಮ್ಮದು ತುಮಕೂರು ಜಿಲ್ಲೆಯ ಒಣಭೂಮಿ. ಮೂರು ಎಕರೆ, ಮಳೆ ನಂಬಿದ ಹೊಲ. ರಾಗಿ, ಕಡಲೆಕಾಯಿ, ಅಂಚಿಗೆ ಅವರೆ. ಇದೇ ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರೋದು ನಿಮಗೆ ಗೊತ್ತಿರಬಹುದು. ಅಲ್ಲಿ ರೈತರ ಭೂಮಿಯನ್ನ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡ್ರು. ಈಗ ನಮ್ಮ ಕಡೆಯೂ ಅದೇ ರೀತಿ ಕೇಳಿಕೊಂಡು ಜನ ಬರ್ತಿದ್ದಾರೆ. ಕರಾರು 28 ವರ್ಷಕ್ಕೆ. ಅಂದ್ರೆ ಅದು ಮುಗಿಯೋ ಹೊತ್ತಿಗೆ ನನಗೆ 47. ಮನೆಯಲ್ಲಿ ಅಪ್ಪ ಒಂದು ಕಡೆ, ದೊಡ್ಡಪ್ಪ ಒಂದು ಕಡೆ. ತಾತ ಇಬ್ಬರ ಮಾತನ್ನೂ ಕೇಳಿ, ಎಲೆಕ್ಟ್ರಿಕಲ್ ಓದ್ತಿರೋ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಏನವ್ವಾ, ಎಲೇನೂ ಬಿಸ್ಲು ತಿಂತದೆ, ಆ ಹಲಗೇನೂ ಬಿಸ್ಲು ತಿಂತದೆ. ಯಾವ್ದು ಜಾಸ್ತಿ ದಕ್ಕಿಸ್ಕಂತದೆ?"

ಇದು ಪಕ್ಕಾ ಎಂಜಿನಿಯರಿಂಗ್ ಪ್ರಶ್ನೆ. ಎಫಿಶಿಯೆನ್ಸಿ ಎಷ್ಟು, ನಷ್ಟ ಎಲ್ಲಿ ಅಂತ. ಪ್ಯಾನೆಲ್‌ದು ಗೊತ್ತಿತ್ತು, 20 ಪರ್ಸೆಂಟ್ ಆಸುಪಾಸು. ಎಲೆಯದನ್ನ ಹುಡುಕಿಕೊಂಡು ಹೊರಟೆ.

ಲೆಕ್ಕ ಸುಲಭ ಆಗಲಿ ಅಂತ ಎಲೆಯ ಮೇಲೆ ಬಿದ್ದ ಬಿಸಿಲನ್ನ ನೂರು ರೂಪಾಯಿ ಅಂದುಕೊಳ್ಳೋಣ. ಒಂದೊಂದು ಮೆಟ್ಟಿಲಲ್ಲೂ ಎಷ್ಟು ಖರ್ಚಾಗುತ್ತೆ ನೋಡೋಣ. ಇಲ್ಲಿರೋ ಅಂಕಿಗಳು 2008ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಝೂ, ಲಾಂಗ್ ಮತ್ತು ಆರ್ಟ್ ಅನ್ನೋ ಮೂವರು ಹಾಕಿದ ಲೆಕ್ಕದ್ದು. ಎಲ್ಲವೂ ಸರಿಯಿದ್ರೆ, ಅಂದ್ರೆ ನೀರು, ಗೊಬ್ಬರ ಯಾವುದಕ್ಕೂ ಕೊರತೆ ಇಲ್ಲದಿದ್ರೆ, ಎಲೆ ಹೆಚ್ಚೆಂದರೆ ಎಷ್ಟು ಉಳಿಸಬಹುದು ಅನ್ನೋದು ಅವರ ಪ್ರಶ್ನೆ.

ಮೊದಲ ಏಟೇ ದೊಡ್ಡದು. ಬಿಸಿಲಿನಲ್ಲಿ ಬರೋ ಎನರ್ಜಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಎಲೆಗೆ ಪ್ರಯೋಜನಕ್ಕೇ ಬರೋದಿಲ್ಲ. ಕ್ಲೋರೋಫಿಲ್ ಮತ್ತು ಅದರ ಜೊತೆಗಾರ ಬಣ್ಣಗಳು ಹಿಡಿಯೋದು 400ರಿಂದ 700 ನ್ಯಾನೋಮೀಟರ್ ಬೆಳಕನ್ನ ಮಾತ್ರ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಕಣ್ಣಿಗೆ ಕಾಣೋ ಬೆಳಕು. ಇನ್‌ಫ್ರಾರೆಡ್ ಫೋಟಾನಿಗೆ ಆ ಎಲೆಕ್ಟ್ರಾನನ್ನ ಮೇಲಕ್ಕೆ ಎತ್ತೋ ಶಕ್ತಿ ಇಲ್ಲ. ಇದು ನಮ್ಮ ಸಿಲಿಕಾನ್ ಬ್ಯಾಂಡ್ ಗ್ಯಾಪ್ ಇದ್ದ ಹಾಗೇ, ಆದ್ರೆ ಸಿಲಿಕಾನ್ 1,100 ನ್ಯಾನೋಮೀಟರ್‌ವರೆಗೂ ಹಿಡಿಯುತ್ತೆ. ಪ್ಯಾನೆಲ್ ಇಲ್ಲೇ ಎಲೆಗಿಂತ ಮುಂದೆ ಹೋಗೋದು. ನೂರರಲ್ಲಿ ಉಳಿದಿದ್ದು 49.

ಆಮೇಲೆ ಎಲೆ ಹಸಿರಾಗಿ ಕಾಣೋದಕ್ಕೆ ಐದು ರೂಪಾಯಿ. ಅಂದ್ರೆ ಸ್ವಲ್ಪ ಬೆಳಕು, ಅದರಲ್ಲೂ ಹಸಿರು, ವಾಪಸ್ ಹೋಗುತ್ತೆ ಅಥವಾ ಎಲೆಯನ್ನ ದಾಟಿ ಹೋಗುತ್ತೆ. ಉಳಿದಿದ್ದು 44. ನೀಲಿ ಫೋಟಾನಿನಲ್ಲಿ ಕೆಂಪಿಗಿಂತ ಹೆಚ್ಚು ಎನರ್ಜಿ ಇರುತ್ತೆ, ಆದ್ರೆ ಕೆಲಸಕ್ಕೆ ಎರಡೂ ಒಂದೇ. ನೀಲಿಯ ಹೆಚ್ಚುವರಿ ಬಿಸಿಯಾಗಿ ಹೋಗುತ್ತೆ. ಅಲ್ಲಿಗೆ ಇನ್ನೊಂದು ಏಳು. ಉಳಿದಿದ್ದು 37.

ಇನ್ನೂ ಅಡುಗೆ ಶುರುವಾಗಿಲ್ಲ, ಒಲೆ ಹಚ್ಚಿದ್ದಷ್ಟೇ.

ಈಗ ಎಲೆಯೊಳಗಿನ ಕಾರ್ಖಾನೆಗೆ ಬರೋಣ. ಜೀವಕೋಶದೊಳಗೆ ಕ್ಲೋರೋಪ್ಲಾಸ್ಟ್ ಅನ್ನೋ ಹಸಿರು ಚೀಲಗಳು, ಅದರೊಳಗೆ ನಾಣ್ಯ ಪೇರಿಸಿಟ್ಟ ಹಾಗೆ ತೈಲಕಾಯ್ಡ್ ಪೊರೆಗಳು. ಈ ಪೊರೆಯಲ್ಲಿ ಎರಡು ಬೆಳಕಿನ ಯಂತ್ರಗಳು ಸೀರೀಸ್‌ನಲ್ಲಿ ಕೂತಿವೆ, ಟಾರ್ಚಿನಲ್ಲಿ ಎರಡು ಸೆಲ್ ಹಾಕಿದ ಹಾಗೆ. ಹೆಸರು ಫೋಟೋಸಿಸ್ಟಮ್ ಎರಡು ಮತ್ತು ಒಂದು. ಮೊದಲು ಕೆಲಸ ಮಾಡೋದು ಎರಡು, ಮೊದಲು ಪತ್ತೆಯಾಗಿದ್ದು ಒಂದು, ಅದಕ್ಕೇ ನಂಬರು ಉಲ್ಟಾ.

ಫೋಟೋಸಿಸ್ಟಮ್ ಎರಡು ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ. ಇದು ಸಾಮಾನ್ಯ ಕೆಲಸ ಅಲ್ಲ. ನೀರು ತನ್ನ ಎಲೆಕ್ಟ್ರಾನನ್ನ ಸುಲಭವಾಗಿ ಬಿಟ್ಟುಕೊಡೋ ವಸ್ತುವೇ ಅಲ್ಲ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಅಣು ಸೇರಿದ ಒಂದು ಸಣ್ಣ ಗುಂಪು ಈ ಕೆಲಸ ಮಾಡುತ್ತೆ. ನಾಲ್ಕು ಎಲೆಕ್ಟ್ರಾನ್ ಹೋಗೋವರೆಗೂ ಎರಡು ನೀರಿನ ಕಣಗಳನ್ನ ಹಿಡಿದಿಟ್ಟುಕೊಂಡು, ಕೊನೆಗೆ ಒಂದು ಆಮ್ಲಜನಕದ ಕಣವನ್ನ ಹೊರಗೆ ಬಿಡುತ್ತೆ. ನಾವು ಉಸಿರಾಡೋ ಆಮ್ಲಜನಕ ಬರೋದು ಕಾರ್ಬನ್ ಡೈಆಕ್ಸೈಡಿನಿಂದ ಅಲ್ಲ, ನೀರಿನಿಂದ. 1941ರಲ್ಲಿ ಬರ್ಕ್ಲಿಯಲ್ಲಿ ರೂಬೆನ್, ಕೇಮನ್ ಮತ್ತು ಅವರ ಜೊತೆಗಾರರು ತೂಕದ ಆಮ್ಲಜನಕ, ಅಂದ್ರೆ ಆಕ್ಸಿಜನ್-18 ಇರೋ ನೀರನ್ನ ಪಾಚಿಗೆ ಕೊಟ್ಟು, ಹೊರಬಂದ ಅನಿಲದಲ್ಲಿ ಅದೇ ತೂಕದ ಆಮ್ಲಜನಕ ಇರೋದನ್ನ ತೋರಿಸಿದರು. ಎಲೆಯ ಮಟ್ಟಿಗೆ ಅದು ಬೇಡವಾದ ಕಸ. ಅದಕ್ಕೆ ಬೇಕಿದ್ದಿದ್ದು ಎಲೆಕ್ಟ್ರಾನ್ ಮಾತ್ರ.

ಆ ಎಲೆಕ್ಟ್ರಾನ್ ಪೊರೆಯುದ್ದಕ್ಕೂ ಕೈಯಿಂದ ಕೈಗೆ ಸಾಗುತ್ತೆ. ಸಾಗೋವಾಗ ಪ್ರೋಟಾನುಗಳನ್ನ ಪೊರೆಯ ಒಳಗಡೆಗೆ ತುಂಬಿಸುತ್ತೆ. ಒಳಗೆ ಪ್ರೋಟಾನ್ ಜಾಸ್ತಿ, ಹೊರಗೆ ಕಡಿಮೆ. ಅಣೆಕಟ್ಟೆಯಲ್ಲಿ ನೀರು ನಿಂತ ಹಾಗೆ. ಅವು ಹೊರಗೆ ಬರೋದಕ್ಕೆ ಇರೋ ದಾರಿಯಲ್ಲಿ ಎಟಿಪಿ ಸಿಂಥೇಸ್ ಅನ್ನೋ ಪ್ರೋಟೀನು ಕೂತಿದೆ. ಅದು ನಿಜವಾಗಲೂ ತಿರುಗುತ್ತೆ, ಟರ್ಬೈನಿನ ಹಾಗೆ, ಮತ್ತು ತಿರುಗುತ್ತಾ ಎಟಿಪಿ ತಯಾರಿಸುತ್ತೆ. ಎಲೆಕ್ಟ್ರಾನ್ ಮಾತ್ರ ಫೋಟೋಸಿಸ್ಟಮ್ ಒಂದಕ್ಕೆ ಬಂದು, ಇನ್ನೊಂದು ಫೋಟಾನಿನ ಏಟು ತಿಂದು, ಎನ್‌ಎಡಿಪಿಎಚ್ ಅನ್ನೋ ವಾಹಕದ ಮೇಲೆ ಹತ್ತಿ ಕೂರುತ್ತೆ. ಎಟಿಪಿ, ಎನ್‌ಎಡಿಪಿಎಚ್ ಎರಡನ್ನೂ ಚಾರ್ಜ್ ಆದ ಬ್ಯಾಟರಿ ಅಂದುಕೊಂಡ್ರೆ ಸಾಕು. ಒಂದು ಎಲೆಕ್ಟ್ರಾನಿಗೆ ಎರಡು ಫೋಟಾನು, ನಾಲ್ಕು ಎಲೆಕ್ಟ್ರಾನಿಗೆ ಎಂಟು. ಒಂದು ಕಾರ್ಬನ್ ಡೈಆಕ್ಸೈಡನ್ನ ಸಕ್ಕರೆಯ ಭಾಗ ಮಾಡೋದಕ್ಕೆ ಕನಿಷ್ಠ ಎಂಟು ಫೋಟಾನ್ ಬೇಕು ಅನ್ನೋದು ಬಂದಿದ್ದು ಇಲ್ಲಿಂದಲೇ.

ಇಲ್ಲಿಗೆ ಬೆಳಕಿನ ಕೆಲಸ ಮುಗೀತು. ಮುಂದಿನದ್ದು ಕ್ಯಾಲ್ವಿನ್ ಚಕ್ರ. ಅದಕ್ಕೆ ನೇರವಾಗಿ ಬೆಳಕು ಬೇಡ, ಬ್ಯಾಟರಿ ಸಾಕು. ಪತ್ರರಂಧ್ರದಿಂದ ಒಳಗೆ ಬಂದ ಕಾರ್ಬನ್ ಡೈಆಕ್ಸೈಡನ್ನ ರುಬಿಸ್ಕೋ ಅನ್ನೋ ಕಿಣ್ವ ಐದು ಕಾರ್ಬನ್ನಿನ ಒಂದು ಕಣಕ್ಕೆ ಅಂಟಿಸುತ್ತೆ. ಅದು ತಕ್ಷಣ ಒಡೆದು ಮೂರು ಕಾರ್ಬನ್ನಿನ ಎರಡು ತುಂಡಾಗುತ್ತೆ. ಹೀಗೆ ಮೂರು ಸಲ ಮಾಡಿದ್ರೆ ಆರು ತುಂಡು. ಅದರಲ್ಲಿ ಐದು ತುಂಡು ವಾಪಸ್ ಚಕ್ರಕ್ಕೆ ಹೋಗಿ ಐದು ಕಾರ್ಬನ್ನಿನ ಕಣಗಳನ್ನೇ ಮತ್ತೆ ಕಟ್ಟುತ್ತವೆ. ಆರನೆಯದು ಮಾತ್ರ ಲಾಭ. ಅದರಿಂದಲೇ ಸಕ್ಕರೆ, ಪಿಷ್ಟ, ನಾರು ಎಲ್ಲ. ಐದನ್ನ ಬಿತ್ತನೆಗೆ ಇಟ್ಟುಕೊಂಡು ಒಂದನ್ನ ಮನೆಗೆ ತಗೊಂಡು ಹೋಗೋ ವ್ಯವಸಾಯ ಇದು.

ಎಂಟು ಕೆಂಪು ಫೋಟಾನಿನಲ್ಲಿ ಇರೋ ಎನರ್ಜಿಯಲ್ಲಿ ಮೂರನೇ ಒಂದು ಭಾಗ ಮಾತ್ರ ಸಕ್ಕರೆಯಲ್ಲಿ ಕೂರುತ್ತೆ. ಹಾಗಾಗಿ 37 ಇದ್ದದ್ದು ಹದಿಮೂರಕ್ಕೆ ಸ್ವಲ್ಪ ಕಡಿಮೆ ಆಯ್ತು.

ಕಡಲೆಕಾಯಿ, ಭತ್ತ, ಗೋಧಿ, ಅವರೆ ಇವೆಲ್ಲಕ್ಕೂ ಇಲ್ಲಿಂದ ಮುಂದೆ ಒಂದು ಕಷ್ಟ ಇದೆ. ರುಬಿಸ್ಕೋ ತುಂಬಾ ನಿಧಾನ, ಸೆಕೆಂಡಿಗೆ ಮೂರು ಕಣದ ಆಸುಪಾಸು. ಅದಕ್ಕೇ ಎಲೆ ಅದನ್ನ ರಾಶಿ ರಾಶಿ ಇಟ್ಟುಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಯಾವುದು, ಆಮ್ಲಜನಕ ಯಾವುದು ಅಂತ ಪಕ್ಕಾ ಗೊತ್ತಾಗೋದಿಲ್ಲ. ಗಾಳಿಯಲ್ಲಿ ಆಮ್ಲಜನಕ 21 ಪರ್ಸೆಂಟ್, ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420 ಭಾಗ. ಇಂಥ ಜಂಗುಳಿಯಲ್ಲಿ ಆಗಾಗ ಆಮ್ಲಜನಕವನ್ನೇ ಹಿಡಿದು ಅಂಟಿಸಿಬಿಡುತ್ತೆ. ಆಗ ಹುಟ್ಟೋ ಕಣ ಸಕ್ಕರೆಗೆ ಬರಲ್ಲ. ಅದನ್ನ ರಿಪೇರಿ ಮಾಡೋದಕ್ಕೆ ಎಲೆ ಮತ್ತೆ ಬ್ಯಾಟರಿ ಖರ್ಚು ಮಾಡಬೇಕು, ಕಷ್ಟಪಟ್ಟು ಹಿಡಿದ ಕಾರ್ಬನ್ ಡೈಆಕ್ಸೈಡಿನಲ್ಲಿ ಸ್ವಲ್ಪವನ್ನ ಹೊರಗೂ ಬಿಡಬೇಕು. ಇದಕ್ಕೆ ಫೋಟೋರೆಸ್ಪಿರೇಷನ್ ಅಂತಾರೆ. ರುಬಿಸ್ಕೋ ಹುಟ್ಟಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ ಇತ್ತು, ಹಾಗಾಗಿ ಆಗ ಇದೊಂದು ದೋಷವೇ ಆಗಿರಲಿಲ್ಲ.

ಬಿಸಿ ಹೆಚ್ಚಾದಷ್ಟೂ ಈ ದೋಷ ಹೆಚ್ಚು. ನಮ್ಮೂರಿನ ಮಧ್ಯಾಹ್ನ ನೆನಪಿಸಿಕೊಳ್ಳಿ. ಮಣ್ಣಲ್ಲಿ ತೇವ ಇಲ್ಲ, ಕಡಲೆಕಾಯಿ ಗಿಡ ನೀರು ಉಳಿಸೋದಕ್ಕೆ ಪತ್ರರಂಧ್ರ ಮುಚ್ಚುತ್ತೆ. ಬಾಗಿಲು ಮುಚ್ಚಿದ ಮೇಲೆ ಒಳಗಿದ್ದ ಕಾರ್ಬನ್ ಡೈಆಕ್ಸೈಡ್ ಖಾಲಿಯಾಗುತ್ತಾ ಬರುತ್ತೆ. ಬಿಸಿಲು ಮಾತ್ರ ಬೀಳ್ತಾನೇ ಇರುತ್ತೆ. ಆಗ ರುಬಿಸ್ಕೋ ಕೈಗೆ ಆಮ್ಲಜನಕವೇ ಹೆಚ್ಚು ಸಿಗುತ್ತೆ. ಬರದ ಹೊಲದಲ್ಲಿ ಕಡಲೆಕಾಯಿ ಎಲೆಗಳು ಮಧ್ಯಾಹ್ನ ಮಡಚಿಕೊಂಡು ನಿಂತಿರೋದನ್ನ ನೀವು ನೋಡಿರಬಹುದು. ಬಳಸೋಕಾಗದ ಬಿಸಿಲನ್ನ ಅವು ತಪ್ಪಿಸಿಕೊಳ್ಳುತ್ತಿವೆ. 30 ಡಿಗ್ರಿ ಬಿಸಿಯ ಲೆಕ್ಕದಲ್ಲಿ ಈ ದೋಷಕ್ಕೆ ಹೋಗೋದು ಆರು ರೂಪಾಯಿ. ಹದಿಮೂರರಲ್ಲಿ ಅರ್ಧ. ಗಿಡದ ಸ್ವಂತ ಉಸಿರಾಟಕ್ಕೆ ಇನ್ನೆರಡು ಕಳೆದು ಕೊನೆಗೆ ಕೈಗೆ ಬರೋದು 4.6.

ಈಗ ರಾಗಿ. ರಾಗಿ, ಜೋಳ, ಕಬ್ಬು, ಮೆಕ್ಕೆಜೋಳ, ಸಜ್ಜೆ ಇವೆಲ್ಲ ಬೇರೆ ಜಾತಿಯ ಲೆಕ್ಕದವು. ಇವು ರುಬಿಸ್ಕೋವನ್ನ ಸರಿಮಾಡೋಕೆ ಹೋಗಲಿಲ್ಲ, ಅದನ್ನ ಒಳಮನೆಯಲ್ಲಿ ಕೂರಿಸಿದವು. ಎಲೆಯ ಹೊರಗಿನ ಕೋಶಗಳಲ್ಲಿ ಪೆಪ್ ಕಾರ್ಬಾಕ್ಸಿಲೇಸ್ ಅನ್ನೋ ಬೇರೆ ಕಿಣ್ವ ಬಾಗಿಲು ಕಾಯುತ್ತೆ. ಅದು ಆಮ್ಲಜನಕದ ಕಡೆ ತಿರುಗಿಯೂ ನೋಡಲ್ಲ. ಒಳಬಂದ ಕಾರ್ಬನ್ ಡೈಆಕ್ಸೈಡನ್ನ ನಾಲ್ಕು ಕಾರ್ಬನ್ನಿನ ಆಮ್ಲವಾಗಿ ಮಾಡಿ, ಎಲೆಯ ನರದ ಸುತ್ತ ಇರೋ ಕೋಶಗಳಿಗೆ ಕಳಿಸುತ್ತೆ. ಅಲ್ಲಿ ಆ ಆಮ್ಲ ಒಡೆದು ಕಾರ್ಬನ್ ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗುತ್ತೆ. ರುಬಿಸ್ಕೋ ಇರೋದು ಅಲ್ಲೇ. ಅದರ ಸುತ್ತ ಈಗ ಕಾರ್ಬನ್ ಡೈಆಕ್ಸೈಡ್ ಎಷ್ಟು ದಟ್ಟವಾಗಿರುತ್ತೆ ಅಂದ್ರೆ, ಆಮ್ಲಜನಕವನ್ನ ಹಿಡಿಯೋ ಅವಕಾಶವೇ ಹೆಚ್ಚು ಸಿಗಲ್ಲ. ಮೊದಲು ಹುಟ್ಟೋ ಆಮ್ಲದಲ್ಲಿ ನಾಲ್ಕು ಕಾರ್ಬನ್ ಇರೋದರಿಂದ ಇವಕ್ಕೆ ಸಿ-4 ಗಿಡಗಳು ಅಂತ ಹೆಸರು. ಕಡಲೆಕಾಯಿ, ಭತ್ತ ಸಿ-3. ಇದನ್ನ 1966ರಲ್ಲಿ ಸರಿಯಾಗಿ ವಿವರಿಸಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದ್ದ ಹ್ಯಾಚ್ ಮತ್ತು ಸ್ಲಾಕ್, ಅದೂ ಕಬ್ಬಿನ ಎಲೆಯಲ್ಲಿ.

ಈ ಪಂಪು ಪುಕ್ಕಟೆ ಓಡಲ್ಲ. ಒಂದೊಂದು ಕಾರ್ಬನ್ನಿಗೂ ಎರಡು ಎಟಿಪಿ ಹೆಚ್ಚು ಖರ್ಚು, ಹಾಗಾಗಿ ಸಿ-3 ಗಿಡದಲ್ಲಿ 13 ಉಳಿದ ಜಾಗದಲ್ಲಿ ಇಲ್ಲಿ ಉಳಿಯೋದು 8.5. ಆದ್ರೆ ಫೋಟೋರೆಸ್ಪಿರೇಷನ್ನಿಗೆ ಕೊಡೋದು ಏನೂ ಇಲ್ಲ. ಉಸಿರಾಟಕ್ಕೆ ಎರಡೂವರೆ ಕಳೆದ್ರೆ ಆರು ರೂಪಾಯಿ. ಇನ್ನೊಂದು ಲಾಭ ನೀರಿನಲ್ಲಿ. ಬಾಗಿಲಿನ ಕಿಣ್ವ ಚುರುಕಾಗಿರೋದರಿಂದ ಪತ್ರರಂಧ್ರವನ್ನ ಸ್ವಲ್ಪ ತೆರೆದ್ರೂ ಸಾಕಷ್ಟು ಕಾರ್ಬನ್ ಸಿಗುತ್ತೆ. ಅಷ್ಟೇ ಒಣತೂಕ ಬೆಳೆಯೋದಕ್ಕೆ ಸಿ-4 ಗಿಡಕ್ಕೆ ಸಾಮಾನ್ಯವಾಗಿ ಸಿ-3 ಗಿಡದ ಅರ್ಧದಷ್ಟು ನೀರು ಸಾಕು. ನಮ್ಮ ಹೊಲದಲ್ಲಿ ಯಾವ ವರ್ಷ ಕಡಲೆಕಾಯಿ ಕೈಕೊಟ್ಟರೂ ರಾಗಿ ಅಷ್ಟಿಷ್ಟು ಬರುತ್ತಲ್ಲ, ಅದರಲ್ಲಿ ಈ ಪಂಪಿನ ಪಾಲೂ ಇದೆ.

ಒಂದು ಎಲೆ ಯಾವ ದಾರಿಯದು ಅಂತ ಅದು ಸಕ್ಕರೆಯಾದ ಮೇಲೂ ಪತ್ತೆ ಮಾಡಬಹುದು. ಗಾಳಿಯಲ್ಲಿರೋ ಕಾರ್ಬನ್ನಿನಲ್ಲಿ ಸುಮಾರು ಒಂದು ಪರ್ಸೆಂಟ್ ಕಾರ್ಬನ್-13, ಸ್ವಲ್ಪ ತೂಕದ್ದು. ರುಬಿಸ್ಕೋ ಆ ತೂಕದ ಕಾರ್ಬನ್ನನ್ನ ಸ್ವಲ್ಪ ದೂರ ಇಡುತ್ತೆ, ಸಿ-4 ದಾರಿಯಲ್ಲಿ ಆ ಭೇದ ಬಹಳ ಕಡಿಮೆ. ಜೇನಿಗೆ ಕಬ್ಬಿನ ಸಕ್ಕರೆ ಪಾಕ ಬೆರೆಸಿದ್ದಾರಾ ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡೋ ಒಂದು ವಿಧಾನ ಇದೇ. ಜೇನುಹುಳ ಮಕರಂದ ತರೋ ಹೂಗಳಲ್ಲಿ ಹೆಚ್ಚಿನವು ಸಿ-3, ಕಬ್ಬು ಸಿ-4. ರುಚಿ ಒಂದೇ ಇದ್ರೂ ಕಾರ್ಬನ್ ಸುಳ್ಳು ಹೇಳಲ್ಲ.

ಸರಿ, ತಾತನ ಪ್ರಶ್ನೆಗೆ ಉತ್ತರ ಎಕರೆ ಲೆಕ್ಕದಲ್ಲಿ ಕೊಡಬೇಕು. ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 5.5 ಯೂನಿಟ್ ಬಿಸಿಲು ಬೀಳುತ್ತೆ ಅಂತ ಇಟ್ಟುಕೊಂಡೆ. ಎಕರೆ ಅಂದ್ರೆ 4,047 ಚದರ ಮೀಟರ್. ದಿನಕ್ಕೆ 22 ಸಾವಿರ ಯೂನಿಟ್, ವರ್ಷಕ್ಕೆ 81 ಲಕ್ಷ. ಒಂದು ಎಕರೆ ಒಣಭೂಮಿಯ ಮೇಲೆ ಇಷ್ಟು ಬೀಳುತ್ತೆ ಅಂತ ನೋಡಿದಾಗ ನಾನು ಕ್ಯಾಲ್ಕ್ಯುಲೇಟರಿನಲ್ಲಿ ಮತ್ತೊಮ್ಮೆ ಒತ್ತಿ ನೋಡಿದೆ.

ಪ್ಯಾನೆಲ್‌ಗಳನ್ನ ಒಂದಕ್ಕೊಂದು ನೆರಳು ಬೀಳದ ಹಾಗೆ ಸಾಲು ಬಿಟ್ಟು ಹಾಕಬೇಕು, ನಡುವೆ ದಾರಿ ಬೇಕು. ಪಾವಗಡದ ಲೆಕ್ಕದಲ್ಲಿ ಒಂದು ಮೆಗಾವ್ಯಾಟಿಗೆ ಆರು ಎಕರೆ ದಾಟುತ್ತೆ. ಒಂದು ಮೆಗಾವ್ಯಾಟ್ ವರ್ಷಕ್ಕೆ 16 ಲಕ್ಷ ಯೂನಿಟ್ ಕೊಟ್ರೆ ಎಕರೆಗೆ ಸುಮಾರು ಎರಡೂವರೆ ಲಕ್ಷ ಯೂನಿಟ್. ಅಂದ್ರೆ ಪ್ಯಾನೆಲ್ 20 ಪರ್ಸೆಂಟಿನದ್ದಾದ್ರೂ ಭೂಮಿಯ ಲೆಕ್ಕದಲ್ಲಿ ಅದು ಮೂರು.

ರಾಗಿ ಎಷ್ಟು? ಒಳ್ಳೆ ಮಳೆಯಾದ ವರ್ಷ ನಮಗೆ ಎಕರೆಗೆ ಎಂಟು ಕ್ವಿಂಟಾಲ್. ಹುಲ್ಲು, ಬೇರು ಎಲ್ಲ ಸೇರಿಸಿದ್ರೆ ಎರಡೂವರೆ ಟನ್ ಒಣತೂಕ ಅನ್ನೋಣ. ಗಿಡದ ಒಣತೂಕದಲ್ಲಿ ಕೆಜಿಗೆ ಸುಮಾರು 4.7 ಯೂನಿಟ್ ಎನರ್ಜಿ ಇರುತ್ತೆ. ಒಟ್ಟು 12 ಸಾವಿರ ಯೂನಿಟ್. 81 ಲಕ್ಷದಲ್ಲಿ ಇದು 0.15 ಪರ್ಸೆಂಟ್. ಆರು ಎಲ್ಲಿ, ಇದೆಲ್ಲಿ!

ಆದ್ರೆ ಈ ನಷ್ಟವನ್ನ ಎಲೆಯ ತಲೆಗೆ ಕಟ್ಟೋದು ನ್ಯಾಯ ಅಲ್ಲ. ರಾಗಿ ಹೊಲದಲ್ಲಿ ಇರೋದು ನಾಲ್ಕು ತಿಂಗಳು ಮಾತ್ರ. ಆ ನಾಲ್ಕು ತಿಂಗಳ ಬಿಸಿಲಿಗೇ ಲೆಕ್ಕ ಹಾಕಿದ್ರೆ ಅರ್ಧ ಪರ್ಸೆಂಟ್ ಬರುತ್ತೆ. ಅದರಲ್ಲೂ ಮೊದಲ ತಿಂಗಳು ಪೈರು ಚಿಕ್ಕದು, ಬಿಸಿಲು ಬೀಳೋದು ಮಣ್ಣಿನ ಮೇಲೆ. ಕೊನೆಯ ವಾರಗಳಲ್ಲಿ ಎಲೆ ಹಣ್ಣಾಗುತ್ತೆ. ನಡುವೆ ಮಳೆ ಹತ್ತು ಹದಿನೈದು ದಿನ ಕೈಕೊಟ್ರೆ ಪತ್ರರಂಧ್ರ ಮುಚ್ಚುತ್ತೆ, ಕಾರ್ಖಾನೆ ನಿಲ್ಲುತ್ತೆ. ನೀರು, ಗೊಬ್ಬರ ಯಾವುದಕ್ಕೂ ಕಮ್ಮಿ ಇಲ್ಲದೆ ಬೆಳೆದ ಒಳ್ಳೆಯ ಸಿ-4 ಬೆಳೆ ಒಂದು ಋತುವಿನಲ್ಲಿ 3.7 ಪರ್ಸೆಂಟ್‌ವರೆಗೂ ಮುಟ್ಟಿದ್ದು ದಾಖಲಾಗಿದೆ. ನಮ್ಮ ಹೊಲದಲ್ಲಿ ಕಡಿಮೆ ಇರೋದು ಬಿಸಿಲೂ ಅಲ್ಲ, ಎಲೆಯ ಸಾಮರ್ಥ್ಯವೂ ಅಲ್ಲ. ನೀರು.

ಲೆಕ್ಕ ಹೇಳಿದೆ. "ತಾತ, ಹಲಗೆ ಎಲೆಗಿಂತ ಇಪ್ಪತ್ತು ಪಟ್ಟು ಜಾಸ್ತಿ ದಕ್ಕಿಸ್ಕೊಳ್ಳುತ್ತೆ." ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕರೆಂಟ್ನ ಕಣಜ್ದಾಗೆ ತುಂಬಿಕ್ಕಾಕಾಯ್ತದಾ?" ಅಂದ್ರು. ಇದಕ್ಕೂ ಲೆಕ್ಕ ಇದೆ. ಪ್ಯಾನೆಲ್ ಕೊಡೋದು ಕರೆಂಟು, ಆ ಕ್ಷಣದ್ದು. ಸಂಜೆಗೆ ಬೇಕು ಅಂದ್ರೆ ಬ್ಯಾಟರಿ ಬೇರೆ. ಎಲೆ ಕೊಡೋದು ಹಿಡಿದಿಟ್ಟ ಬಿಸಿಲು. ರಾಗಿಯನ್ನ ಸರಿಯಾಗಿ ಒಣಗಿಸಿಟ್ರೆ ವರ್ಷಗಟ್ಟಲೆ ಕೆಡಲ್ಲ, ಸೋರಲ್ಲ. ಜೊತೆಗೆ ಎಲೆ ತನ್ನನ್ನ ತಾನೇ ಕಟ್ಟಿಕೊಳ್ಳುತ್ತೆ, ಮುಂದಿನ ವರ್ಷದ ಪ್ಯಾನೆಲನ್ನ ಬೀಜದಲ್ಲಿಟ್ಟು ಕೊಡುತ್ತೆ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಯೂನಿಟ್ ಲೆಕ್ಕದಲ್ಲಿ ತೂಗಿದ್ರೆ ಅರ್ಧ ಉತ್ತರ ಮಾತ್ರ ಸಿಗುತ್ತೆ.

ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಇಷ್ಟು. ಮಣ್ಣು ತೆಳ್ಳಗಿರೋ, ಕಲ್ಲು ಹೆಚ್ಚಿರೋ ಎರಡು ಎಕರೆಯನ್ನ ಗುತ್ತಿಗೆಗೆ ಕೊಡೋದು, ಕೆರೆ ಕಡೆಯ ಒಂದು ಎಕರೆಯನ್ನ ಉಳಿಸಿಕೊಂಡು ರಾಗಿ ಹಾಕೋದು. ದೊಡ್ಡಪ್ಪನಿಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಕಲ್ಲು ಭೂಮಿಯಲ್ಲಿ ನೀರಿಲ್ಲದಿದ್ರೂ ಪ್ಯಾನೆಲ್ ಕೆಲಸ ಮಾಡುತ್ತೆ, ತೇವ ನಿಲ್ಲೋ ಮಣ್ಣಲ್ಲೇ ಎಲೆ ತನ್ನ ಆರು ರೂಪಾಯಿಯ ಹತ್ತಿರಕ್ಕಾದ್ರೂ ಹೋಗೋಕೆ ಸಾಧ್ಯ ಅನ್ನೋದು ನಾನು ಹೇಳಿದ ಮಾತು. ಬಾಡಿಗೆ ದುಡ್ಡಿನ ಲೆಕ್ಕ ಅಪ್ಪನದು.

ನಿಮಗೂ ಈ ವ್ಯತ್ಯಾಸವನ್ನ ಕಣ್ಣಾರೆ ನೋಡಬೇಕು ಅನ್ನಿಸಿದ್ರೆ ದೊಡ್ಡ ಲ್ಯಾಬ್ ಬೇಕಿಲ್ಲ. ಒಂದು ರಾಗಿ, ಜೋಳ ಅಥವಾ ಕಬ್ಬಿನ ಎಲೆ, ಒಂದು ಅವರೆ ಅಥವಾ ಕಡಲೆಕಾಯಿ ಎಲೆ ತಗೊಳ್ಳಿ. ಹೊಸ ಬ್ಲೇಡಿನಿಂದ ಅಡ್ಡಕ್ಕೆ ಆದಷ್ಟು ತೆಳ್ಳಗೆ ಸೀಳಿ, ಒಂದು ಹನಿ ನೀರಲ್ಲಿಟ್ಟು ಸಾಧಾರಣ ಮೈಕ್ರೋಸ್ಕೋಪಿನಲ್ಲಿ ನೋಡಿ. ಅವರೆಯಲ್ಲಿ ಹಸಿರು ಎಲ್ಲ ಕಡೆ ಹರಡಿರುತ್ತೆ, ನರದ ಸುತ್ತ ಖಾಲಿ ಖಾಲಿ. ರಾಗಿಯಲ್ಲಿ ಪ್ರತಿ ನರದ ಸುತ್ತಲೂ ದಟ್ಟ ಹಸಿರಿನ ಒಂದೊಂದು ಉಂಗುರ, ಬಳೆ ತೊಡಿಸಿದ ಹಾಗೆ. ರುಬಿಸ್ಕೋ ಕೂತಿರೋ ಒಳಮನೆ ಆ ಬಳೆಯೇ. ಒಂದು ಕೆಜಿ ಪಿಷ್ಟ ಕಟ್ಟೋದಕ್ಕೆ ಸುಮಾರು 2,000 ಘನ ಮೀಟರ್ ಗಾಳಿಯಲ್ಲಿರೋ ಅಷ್ಟೂ ಕಾರ್ಬನ್ ಡೈಆಕ್ಸೈಡ್ ಬೇಕು, ಅಂದ್ರೆ 20 ಮೀಟರ್ ಉದ್ದ, 12 ಮೀಟರ್ ಅಗಲ, 8 ಮೀಟರ್ ಎತ್ತರದ ಒಂದು ಸಭಾಂಗಣದ ಗಾಳಿಗಿಂತ ಹೆಚ್ಚು. ಅಷ್ಟು ಗಾಳಿಯನ್ನ ಸೋಸಿ ಮುದ್ದೆ ಮಾಡೋದು ಆ ಬಳೆಗಳ ಸಾಲು.